ಚಪಾತಿ ಯಾಕೆ ಉಬ್ಬಲಿಲ್ಲ? ಸುಳಿವು ಫೋಟೊದಲ್ಲೇ ಇದೆ

ಸ್ಟೀಲ್ ತಟ್ಟೆಯಲ್ಲಿ ಒಂದು ಚಪಾತಿ. ಮೈ ಬಿಳಿಚಿಕೊಂಡಿದೆ, ಅಂಚು ಮೇಲಕ್ಕೆ ಎದ್ದು ನಿಂತಿದೆ. ಒಂದು ಮಗ್ಗುಲಲ್ಲಿ ಮಾತ್ರ ಸಣ್ಣ ಗುಳ್ಳೆಗಳು. ಕಂದು ಚುಕ್ಕೆಗಳು ಬೆರಳೆಣಿಕೆಯಷ್ಟಿದ್ದು, ಅವೂ ವೃತ್ತಾಕಾರದಲ್ಲಿ ಸಾಲಾಗಿ ಬಿದ್ದಿವೆ. ಪುಣೆಯಲ್ಲಿ ಕೋಣೆ ಹಿಡಿದು ಕೆಲಸಕ್ಕೆ ಹೋಗುವ ಗದಗಿನ ಹುಡುಗನೊಬ್ಬ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಫೋಟೊ ಇದು. ಜೊತೆಗೆ ಒಂದು ಸಾಲು: "ಚಿಗವ್ವ, ಉಬ್ಬವಲ್ದು. ಹತ್ತು ನಿಮಿಷಕ್ಕ ಹಪ್ಪಳ ಆಗ್ತದ."

ಗದಗಿನಿಂದ ಉತ್ತರ ಬರಲು ತಡವಾಗಲಿಲ್ಲ. "ಹಂಚು ಕಾದಿಲ್ಲೋ ತಮ್ಮಾ. ಹಿಟ್ಟು ನಾದಿ ಎಷ್ಟೊತ್ತು ಇಟ್ಟಿದ್ದಿ? ಹರದು ಒಳಗಿಂದೊಂದು ಫೋಟೊ ಹಾಕು."

ಚಪಾತಿಯನ್ನು ಮುಟ್ಟಿಯೂ ನೋಡದೆ ಹೀಗೆ ಹೇಳಲು ಹೇಗೆ ಸಾಧ್ಯ? ಚಿಗವ್ವ ನೋಡಿದ್ದು ಚುಕ್ಕೆಗಳನ್ನು. ಆ ಚುಕ್ಕೆಗಳು ಏನು ಹೇಳುತ್ತವೆ ಎಂದು ತಿಳಿಯಬೇಕಾದರೆ, ಚಪಾತಿ ಉಬ್ಬುವಾಗ ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ನಲವತ್ತು ಗ್ರಾಂ ತೂಕದ ಒಂದು ಉಂಡೆಯಲ್ಲಿ ಸುಮಾರು ಹದಿನಾರು ಗ್ರಾಂ ಬೆರೆಸಿದ ನೀರೇ ಇರುತ್ತದೆ. ಅದನ್ನು ಆರೇಳು ಇಂಚು ಅಗಲಕ್ಕೆ ಲಟ್ಟಿಸಿದರೆ ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ. ಕಾದ ಹಂಚಿನ ಮೇಲೆ ಬಿದ್ದ ಮೈ ತಕ್ಷಣ ಬಿಗಿದು ತೆಳುವಾದ ಪೊರೆಯಾಗುತ್ತದೆ. ತಿರುವಿ ಹಾಕಿದಾಗ ಇನ್ನೊಂದು ಮೈಯಲ್ಲೂ ಅದೇ ಆಗುತ್ತದೆ. ಎರಡು ಪೊರೆಗಳ ನಡುವೆ ಇನ್ನೂ ಹಸಿಯಾಗಿರುವ ಪದರದ ನೀರು ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ, ಪೊರೆಗಳನ್ನು ಬೇರೆ ಮಾಡುತ್ತದೆ. ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ ಒಂದು ಚಪಾತಿಯನ್ನು ತುಂಬಿ ನಿಲ್ಲಿಸಲು ಅರ್ಧ ಗ್ರಾಂ ನೀರೂ ಬೇಕಾಗಿಲ್ಲ.

ಅಂದರೆ ಚಪಾತಿ ಉಬ್ಬದಿರುವುದಕ್ಕೆ ಆವಿಯ ಕೊರತೆ ಕಾರಣವಾಗುವುದು ಅಪರೂಪ. ಒಂದೋ ಆವಿ ಎಲ್ಲಿಂದಲೋ ಸೋರಿರುತ್ತದೆ, ಇಲ್ಲವೇ ಸೋರುವಷ್ಟೇ ನಿಧಾನವಾಗಿ ಹುಟ್ಟಿರುತ್ತದೆ. ಪೊರೆ ಹಿಗ್ಗಲಾರದಷ್ಟು ಒಣಗಿ ಬಿರುಸಾಗಿದ್ದರೂ ಉಬ್ಬುವುದಿಲ್ಲ. ಈ ಮೂರರಲ್ಲಿ ಯಾವುದು ನಡೆದಿದೆ ಎಂಬುದು ಫೋಟೊದಲ್ಲಿ ಬಹುಮಟ್ಟಿಗೆ ಕಾಣುತ್ತದೆ. ಶಾಖದ ತಪ್ಪು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ, ಲಟ್ಟಿಸಿದ್ದರ ತಪ್ಪು ಅದಕ್ಕಿಂತ ಸ್ವಲ್ಪ ಕಡಿಮೆ. ಹಿಟ್ಟಿನ ತಪ್ಪನ್ನು ಬಹಳ ಸಲ ಊಹಿಸಬೇಕು, ಇಲ್ಲವೇ ಕೇಳಿ ತಿಳಿಯಬೇಕು.

ಚುಕ್ಕೆಗಳಿಂದ ಶುರುಮಾಡಬಹುದು. ಹದವಾಗಿ ಕಾದ ಹಂಚಿನಲ್ಲಿ ಬೆಂದ ಚಪಾತಿಯ ತುಂಬ ಸಣ್ಣ ಸಣ್ಣ ಕಂದು ಚುಕ್ಕೆಗಳು ಹರಡಿರುತ್ತವೆ, ಅವುಗಳ ನಡುವಿನ ಜಾಗ ಮೆತ್ತಗೆ, ಬೆಳ್ಳಗೆ ಉಳಿದಿರುತ್ತದೆ. ಸಣ್ಣ ಉರಿಯಲ್ಲಿ ಬೆಂದದ್ದಕ್ಕೆ ಚುಕ್ಕೆಗಳೇ ಇರುವುದಿಲ್ಲ. ಇಡೀ ಮೈ ಒಂದೇ ಬಗೆಯ ಮಂಕು ಹಳದಿಗೆ ತಿರುಗಿ, ಚಕ್ಕಳದ ಹೊಳಪು ಬಂದಿರುತ್ತದೆ. ಬಣ್ಣ ಬರಲಿಲ್ಲವೆಂದು ಮೂರು ನಾಲ್ಕು ನಿಮಿಷ ಹಂಚಿನ ಮೇಲೇ ಬಿಟ್ಟಾಗ ನೀರೆಲ್ಲ ಸದ್ದಿಲ್ಲದೆ ಹೋಗಿರುತ್ತದೆ. ಉರಿ ಸಣ್ಣದಿದ್ದರೆ ಚಪಾತಿ ಮೆತ್ತಗೆ ಬರುತ್ತದೆ ಎಂಬ ನಂಬಿಕೆ ಹಲವು ಅಡುಗೆಮನೆಗಳಲ್ಲಿದೆ. ಆಗುವುದು ಅದಕ್ಕೆ ನೇರ ವಿರುದ್ಧ.

ಚೆನ್ನಾಗಿ ಕಾದ ಹಂಚಿನಲ್ಲಿ ಮೊದಲ ಮಗ್ಗುಲಿಗೆ ಹದಿನೈದು ಇಪ್ಪತ್ತು ಸೆಕೆಂಡು ಸಾಕು, ಅಂದರೆ ಬಣ್ಣ ಮಾಸಿ ಸಣ್ಣ ಗುಳ್ಳೆ ಏಳುವವರೆಗೆ. ಎರಡನೇ ಮಗ್ಗುಲಿಗೆ ಅದರ ಎರಡರಷ್ಟು. ಆಮೇಲೆ ಉರಿಯ ಮೇಲೆ ಹಿಡಿದರೂ ಸರಿ, ಹಂಚಿನಲ್ಲೇ ತಿರುವಿ ಬಟ್ಟೆಯಿಂದ ಮೆಲ್ಲಗೆ ಒತ್ತಿದರೂ ಸರಿ. ಎಲ್ಲ ಸೇರಿ ಒಂದೂವರೆ ನಿಮಿಷದ ಆಸುಪಾಸು. ಹಂಚು ಕಾದಿದೆಯೇ ಎಂದು ನೋಡಲು ಒಂದು ಚಿಟಿಕೆ ಒಣಹಿಟ್ಟು ಉದುರಿಸಬಹುದು. ಅದು ಕೆಲವು ಸೆಕೆಂಡುಗಳಲ್ಲಿ ಕಂದಾದರೆ ಹದ ಬಂದಿದೆ ಎಂದರ್ಥ. ಬಿದ್ದ ತಕ್ಷಣ ಹೊಗೆಯಾಡಿದರೆ ಕಾವು ಹೆಚ್ಚಾಗಿದೆ. ಹೆಚ್ಚು ಕಾವಿಗೆ ಸಿಕ್ಕ ಚಪಾತಿಯೂ ಫೋಟೊದಲ್ಲಿ ಗುರುತು ಸಿಗುತ್ತದೆ: ದೊಡ್ಡ ಕರಿ ಕಲೆಗಳು, ಪಕ್ಕದಲ್ಲೇ ಹಸಿಹಿಟ್ಟಿನ ಬೂದುಬಣ್ಣ.

ಪುಣೆಯ ಚಪಾತಿಯಲ್ಲಿ ಚುಕ್ಕೆಗಳು ವೃತ್ತದಲ್ಲಿ ಬಿದ್ದದ್ದಕ್ಕೂ ಕಾರಣವಿದೆ. ಹುಡುಗನ ಕೋಣೆಯಲ್ಲಿದ್ದದ್ದು ಇಂಡಕ್ಷನ್ ಒಲೆ, ಅದರ ಮೇಲೆ ತೆಳ್ಳನೆಯ ನಾನ್‌ಸ್ಟಿಕ್ ಹಂಚು. ಇಂಡಕ್ಷನ್ ಒಲೆಯೊಳಗಿನ ಸುರುಳಿ ಹಂಚಿನ ತಳವನ್ನು ಬಳೆಯ ಆಕಾರದ ಪಟ್ಟಿಯಲ್ಲೇ ಹೆಚ್ಚು ಕಾಯಿಸುತ್ತದೆ. ಹಂಚು ದಪ್ಪವಿದ್ದರೆ ಕಾವು ನಡುವಿಗೂ ಅಂಚಿಗೂ ಹರಡುತ್ತದೆ, ತೆಳುವಿದ್ದರೆ ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದೆ. ಇಂಥಲ್ಲಿ ದಪ್ಪ ಕಬ್ಬಿಣದ ಹಂಚು ಇಟ್ಟು, ಚಪಾತಿ ಹಾಕುವ ಮೊದಲು ನಾಲ್ಕೈದು ನಿಮಿಷ ಮಧ್ಯಮ ಕಾವಿನಲ್ಲಿ ಬಿಡುವುದೇ ಮದ್ದು. ಕಬ್ಬಿಣದ ತಳ ಸಮತಟ್ಟಾಗಿರಬೇಕು, ನಡುವೆ ತಗ್ಗಿರುವ ಹಂಚು ಇಂಡಕ್ಷನ್‌ಗೆ ಹೊಂದುವುದಿಲ್ಲ.

ಎರಡನೇ ಫೋಟೊ ಬಂತು. ಚಪಾತಿಯನ್ನು ಹರಿದು, ಹರಿದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಗೆದದ್ದು. ಒಂದು ಬದಿ ಬೆಳಕು ಹಾಯುವಷ್ಟು ತೆಳು, ಇನ್ನೊಂದು ಬದಿ ದಪ್ಪ. ಗುಳ್ಳೆ ಎದ್ದದ್ದು ಒಂದೇ ಮಗ್ಗುಲಲ್ಲಿ ಏಕೆಂಬುದಕ್ಕೆ ಇದೇ ಉತ್ತರ. ತೆಳು ಜಾಗದಲ್ಲಿ ಎರಡೂ ಪೊರೆಗಳು ಬೇಗ ಬಿಗಿದು, ನಡುವೆ ಹಸಿ ಪದರವೇ ಉಳಿಯದೆ ಒಂದಕ್ಕೊಂದು ಅಂಟಿಕೊಂಡವು. ಆವಿ ದಪ್ಪ ಜಾಗದಲ್ಲಿ ಹುಟ್ಟಿ ಸ್ವಲ್ಪ ದೂರ ಹೋಗಿ ಅಲ್ಲೇ ನಿಂತಿತು. ಅರ್ಧಚಂದ್ರದಂತೆ ಉಬ್ಬಿದ ಚಪಾತಿಗಳ ಕಥೆ ಸಾಮಾನ್ಯವಾಗಿ ಇಷ್ಟೇ.

ಲಟ್ಟಿಸುವಾಗ ನಡುವೆ ಒತ್ತಡ ಹೆಚ್ಚಾದರೆ ನಡು ತೆಳುವಾಗುತ್ತದೆ. ಅಂಚಿನಾಚೆಗೂ ಲಟ್ಟಣಿಗೆ ಉರುಳಿಸಿದರೆ ಅಂಚು ಕತ್ತರಿಸಿದಂತೆ ತೆಳುವಾಗಿ, ಹಂಚಿನ ಮೇಲೆ ಮೊದಲು ಒಣಗಿ ಮೇಲಕ್ಕೆ ಬಾಗುತ್ತದೆ. ಫೋಟೊದಲ್ಲಿ ಎದ್ದು ನಿಂತಿದ್ದ ಅಂಚು ಅದರ ಗುರುತು. ನಡುವಿನಿಂದ ಅಂಚಿನತ್ತ ಹಗುರವಾಗಿ ಉರುಳಿಸಿ, ಪ್ರತಿ ಸಲವೂ ಚಪಾತಿಯನ್ನು ಸ್ವಲ್ಪ ತಿರುಗಿಸುವುದು ಇದಕ್ಕಾಗಿಯೇ. ಗುಂಡಗಿರಬೇಕೆಂಬ ಹಟ ಬೇಕಿಲ್ಲ. ಸಮ ದಪ್ಪವಿದ್ದರೆ ನಕ್ಷೆಯ ಆಕಾರದ ಚಪಾತಿಯೂ ಉಬ್ಬುತ್ತದೆ.

ಒಂದೇ ಜಾಗದಲ್ಲಿ ಸೂಜಿಮೊನೆಯಷ್ಟು ತೂತು, ಸುತ್ತ ಸ್ವಲ್ಪ ಕರಿ ಕಂಡರೆ ಆವಿ ಅಲ್ಲಿಂದಲೇ ಹೊರಟಿದೆ. ಮಣೆಯ ಮೇಲೆ ಬಿದ್ದಿದ್ದ ಹಿಟ್ಟಿನ ಒಣ ಹರಳು ಒತ್ತಿರಬಹುದು, ತಿರುವುವಾಗ ಉಗುರು ತಾಗಿರಬಹುದು. ಚಪಾತಿಯ ಮೇಲೆ ಬಿಳಿ ಪುಡಿ ಕಾಣುತ್ತಿದ್ದರೆ ಒಣಹಿಟ್ಟು ಹೆಚ್ಚಾಗಿದೆ. ಅದು ಹಂಚಿನಲ್ಲಿ ಹತ್ತಿ ಕಹಿಯಾಗುತ್ತದೆ, ಮೇಲ್ಮೈಯ ತೇವವನ್ನೂ ಹೀರುತ್ತದೆ.

ಇನ್ನು ಹಿಟ್ಟು. ಹುಡುಗ ನಾದಿದ ಕೂಡಲೇ ಲಟ್ಟಿಸಿದ್ದ. ಇದನ್ನು ಬೆಂದ ಚಪಾತಿಯ ಫೋಟೊ ನೋಡಿ ಖಚಿತವಾಗಿ ಹೇಳುವುದು ಕಷ್ಟ. ಲಟ್ಟಿಸಿದ ಹಸಿ ಚಪಾತಿಯ ಫೋಟೊ ಇದ್ದರೆ ಸುಲಭ: ಅಂಚಿನಲ್ಲಿ ಸಣ್ಣ ಬಿರುಕುಗಳು, ಮೈಮೇಲೆ ಒರಟು. ಗೋಧಿ ಹಿಟ್ಟಿನ ಪ್ರೋಟೀನುಗಳು ನೀರು ಕುಡಿದು ಗ್ಲುಟೆನ್ ಎಂಬ ಜಾಲವಾಗುತ್ತವೆ, ನಾದಿದಾಗ ಆ ಜಾಲ ಬಿಗಿಯುತ್ತದೆ. ಆಗಲೇ ಲಟ್ಟಿಸಿದರೆ ಹಿಟ್ಟು ಹಿಂದಕ್ಕೆ ಎಳೆಯುತ್ತದೆ, ಮಾಡುವವರು ಇನ್ನಷ್ಟು ಒತ್ತುತ್ತಾರೆ, ದಪ್ಪ ಏರುಪೇರಾಗುತ್ತದೆ. ಲಟ್ಟಿಸಿದ್ದರ ತಪ್ಪಿನಂತೆ ಕಾಣುವುದರ ಮೂಲ ಹೀಗೆ ಅರ್ಧಗಂಟೆ ಹಿಂದೆ ಇರುತ್ತದೆ.

ನೆನೆಯಲು ಬಿಡುವುದಕ್ಕೆ ಇನ್ನೊಂದು ಕಾರಣ ಹೊಟ್ಟು. ಚಪಾತಿ ಹಿಟ್ಟಿನಲ್ಲಿ ಗೋಧಿಯ ಸಿಪ್ಪೆಯ ಚೂರುಗಳೂ ಇರುತ್ತವೆ, ಅವು ನೀರನ್ನು ನಿಧಾನವಾಗಿ ಹೀರುತ್ತವೆ. ಕಲಸಿದಾಗ ಕೈಗೆ ಸರಿಯಾಗಿದೆ ಎನಿಸಿದ ಹಿಟ್ಟು ಅರ್ಧಗಂಟೆಯಲ್ಲಿ ಗಟ್ಟಿಯಾಗುವುದು ಇದರಿಂದಲೇ. ಹಾಗಾಗಿ ಕಲಸುವಾಗ ಕೈಗೆ ಸ್ವಲ್ಪ ಅಂಟುವಷ್ಟು ಮೆದುವಾಗಿಯೇ ಕಲಸಬೇಕು. ನೂರು ಗ್ರಾಂ ಹಿಟ್ಟಿಗೆ ಅರವತ್ತೈದರಿಂದ ಎಪ್ಪತ್ತು ಗ್ರಾಂ ನೀರು ಒಂದು ಒಳ್ಳೆಯ ಆರಂಭ. ಗಿರಣಿಯ ಕಲ್ಲಿನಲ್ಲಿ ಬೀಸಿದ ಹಿಟ್ಟು ಇನ್ನೂ ಸ್ವಲ್ಪ ಹೆಚ್ಚು ಕೇಳಬಹುದು, ಏಕೆಂದರೆ ಕಲ್ಲಿನ ಒತ್ತಡಕ್ಕೆ ಒಡೆದ ಪಿಷ್ಟದ ಕಣಗಳು ಹೆಚ್ಚು ನೀರು ಹೀರುತ್ತವೆ. ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತರಿಂದ ಮೂವತ್ತು ನಿಮಿಷ ಇಟ್ಟು, ಬೆರಳಿಂದ ಒತ್ತಿದಾಗ ಗುಳಿ ಬಹಳ ನಿಧಾನವಾಗಿ ಮೇಲೇಳುತ್ತಿದ್ದರೆ ಲಟ್ಟಿಸಲು ಹದವಾಗಿದೆ.

ಫೋಟೊ ತಪ್ಪು ದಾರಿಗೂ ಎಳೆಯುತ್ತದೆ. ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ಎಲ್ಲ ಚಪಾತಿಯೂ ಬೆಂದಂತೆ ಕಾಣುತ್ತದೆ, ಫ್ಲ್ಯಾಶ್ ಬಿದ್ದರೆ ಗುಳ್ಳೆಗಳ ನೆರಳು ಅಳಿಸಿಹೋಗುತ್ತದೆ. ಹಗಲಿನಲ್ಲಿ ಕಿಟಕಿಯ ಪಕ್ಕ, ಬಿಳಿ ಕಾಗದದ ಮೇಲಿಟ್ಟು, ಎರಡೂ ಮಗ್ಗುಲು ಮತ್ತು ಹರಿದ ಅಂಚನ್ನು ತೆಗೆದರೆ ನೋಡುವವರಿಗೆ ಹೆಚ್ಚು ತಿಳಿಯುತ್ತದೆ. ಬೂದುಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಶಾಖವನ್ನು ದೂರುವಂತಿಲ್ಲ. ಹಿಂದಿನ ದಿನ ಕಲಸಿ ಫ್ರಿಜ್ಜಿನಲ್ಲಿಟ್ಟ ಹಿಟ್ಟು ಗಾಳಿಗೆ ಬಣ್ಣ ತಿರುಗಿದ್ದು ಅದು, ಗಟ್ಟಿಯಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎಣ್ಣೆ ಸವರಿ ಮಡಚಿ ಲಟ್ಟಿಸಿದ ಪದರಿನ ಚಪಾತಿಯನ್ನೂ ಫುಲ್ಕದ ಅಳತೆಯಲ್ಲಿ ನೋಡಬಾರದು. ಅದು ಅಲ್ಲಲ್ಲಿ ಪದರವಾಗಿ ಬಿಡಿಸಿಕೊಳ್ಳುತ್ತದೆಯೇ ಹೊರತು ಪೂರಿಯಾಗುವುದಿಲ್ಲ, ಆದರೂ ಸಂಜೆಯವರೆಗೆ ಮೆತ್ತಗಿರುತ್ತದೆ. ಉಬ್ಬುವುದು ಮತ್ತು ಮೆತ್ತಗಿರುವುದು ಎರಡೂ ಒಂದೇ ಎಂದುಕೊಳ್ಳುವುದೇ ಬಹಳ ಗೊಂದಲಗಳ ಮೂಲ.

ಹಂಚಿನಿಂದ ಇಳಿಸಿದಾಗ ಮೆತ್ತಗಿದ್ದು ಮಧ್ಯಾಹ್ನದ ಡಬ್ಬಿಯಲ್ಲಿ ಗಟ್ಟಿಯಾದ ಚಪಾತಿಯ ವಿಷಯ ಬೇರೆ, ಅದು ಯಾವ ಫೋಟೊದಲ್ಲೂ ಸಿಗುವುದಿಲ್ಲ. ಬೆಂದ ಪಿಷ್ಟ ಆರಿದಂತೆ ಮತ್ತೆ ಬಿಗಿಯುತ್ತದೆ, ಫ್ರಿಜ್ಜಿನ ತಂಪಿನಲ್ಲಿ ಇನ್ನೂ ಬೇಗ. ಇಳಿಸಿದ ಕೂಡಲೇ ಬಟ್ಟೆ ಹಾಸಿದ ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು ಮುಚ್ಚಿದರೆ ಆವಿ ಒಳಗೇ ಉಳಿಯುತ್ತದೆ, ಬಟ್ಟೆ ಹನಿಗಳನ್ನು ಹೀರಿಕೊಳ್ಳುತ್ತದೆ. ಎರಡು ಬಗೆಯ ಗಡಸನ್ನು ಬೇರೆ ಮಾಡಿ ನೋಡಲು ಕಾದ ಹಂಚೇ ಸಾಕು. ಅರ್ಧ ನಿಮಿಷ ಬಿಸಿ ಮಾಡಿದಾಗ ಚಪಾತಿ ಮೆತ್ತಗಾದರೆ ಪಿಷ್ಟ ಬಿಗಿದಿತ್ತು ಎಂದು ತಿಳಿಯಬಹುದು. ಬಿಸಿ ಮಾಡಿದಷ್ಟೂ ಇನ್ನಷ್ಟು ಬಿರುಸಾಗುತ್ತಿದ್ದರೆ ನೀರು ಬೇಯುವಾಗಲೇ ಹೋಗಿದೆ, ಅದನ್ನು ಮುರಿದು ಒಗ್ಗರಣೆ ಹಾಕಿ ತಿನ್ನಬೇಕಷ್ಟೆ.