ಏಕಪಕ್ಷೀಯ ಕರಾರಿಗೆ ತಿದ್ದುಪಡಿ: ಮೇಲ್ ಬರೆಯುವುದು ಹೇಗೆ?

ಪೀಣ್ಯದಲ್ಲಿ ಎರಡು ಸಿಎನ್‌ಸಿ ಯಂತ್ರಗಳ ಒಂದು ಸಣ್ಣ ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ದೊಡ್ಡ ಕಂಪನಿಯೊಂದರಿಂದ 10 ಲಕ್ಷ ರೂಪಾಯಿಯ ಬಿಡಿಭಾಗಗಳ ಆರ್ಡರ್ ಸಿಗುವುದರಲ್ಲಿದೆ. ಅಷ್ಟರಲ್ಲಿ 20 ಪುಟಗಳ ಕರಡು ಕರಾರು ಮೇಲ್‌ನಲ್ಲಿ ಬಂದು ಬೀಳುತ್ತದೆ, ಜೊತೆಗೆ ‘ದಯವಿಟ್ಟು ಸಹಿ ಮಾಡಿ ಕಳಿಸಿ’ ಎಂಬ ಒಂದೇ ಸಾಲು. ಓದುತ್ತ ಹೋದರೆ ಎಲ್ಲ ಷರತ್ತೂ ಕೊಳ್ಳುವವರ ಕಡೆಗೇ ವಾಲಿದೆ. ಬಿಲ್ ಮಂಜೂರಾದ 90 ದಿನಗಳ ಮೇಲೆ ಹಣ. ತಡವಾದರೆ ವಾರಕ್ಕೆ ಒಟ್ಟು ಆರ್ಡರ್ ಮೊತ್ತದ ಶೇ 2ರಷ್ಟು ಕಡಿತ. ಏಳು ದಿನದ ನೋಟಿಸ್ ಕೊಟ್ಟು ಕಂಪನಿ ಕರಾರು ಮುರಿಯಬಹುದು, ವರ್ಕ್‌ಶಾಪ್ ಮುರಿಯುವಂತಿಲ್ಲ.

ಇಲ್ಲಿ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ: ಕಣ್ಣುಮುಚ್ಚಿ ಸಹಿ ಹಾಕುವುದು, ಇಲ್ಲವೇ ‘ಇದು ಅನ್ಯಾಯ’ ಎಂದು ಖಾರವಾಗಿ ಉತ್ತರಿಸುವುದು. ಎರಡರಿಂದಲೂ ಕರಾರು ಬದಲಾಗುವುದಿಲ್ಲ.

ಕರಡು ಕಳಿಸಿದ ಖರೀದಿ ವಿಭಾಗದ ಅಧಿಕಾರಿಗೆ ಅದನ್ನು ತಿದ್ದುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅವರು ಮೇಲ್ ಅನ್ನು ಕಾನೂನು ವಿಭಾಗಕ್ಕೋ ಲೆಕ್ಕಪತ್ರ ವಿಭಾಗಕ್ಕೋ ದಾಟಿಸುತ್ತಾರೆ. ಅಲ್ಲಿ ಕುಳಿತವರಿಗೆ ಈ ವರ್ಕ್‌ಶಾಪ್ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಆದ್ದರಿಂದ ತಿದ್ದುಪಡಿಯ ಮೇಲ್ ಅನ್ನು ಆ ಕಾಣದ ಮೂರನೆಯವರಿಗಾಗಿ ಬರೆಯಬೇಕು. ಫೋನ್ ಮಾಡಿ ವಿವರ ಕೇಳದೆಯೇ ಅವರು ಪ್ರತಿ ಬದಲಾವಣೆಗೂ ಹೌದು ಅಥವಾ ಇಲ್ಲ ಎನ್ನುವಂತಿರಬೇಕು.

ಮೊದಲ ಕೆಲಸ ಆಯ್ಕೆ. ಸಿಟ್ಟು ಬರಿಸಿದ ಷರತ್ತುಗಳನ್ನೆಲ್ಲ ತಿದ್ದಲು ಹೊರಟರೆ ಪಟ್ಟಿ ಇಪ್ಪತ್ತಕ್ಕೇರುತ್ತದೆ, ಕಡತ ಮೂಲೆ ಸೇರುತ್ತದೆ. ವ್ಯಾಜ್ಯ ನಡೆಯುವ ಊರು, ಗೋಪ್ಯತೆಯ ಮಾತು ಇಂಥವನ್ನು ನಮ್ಮ ವರ್ಕ್‌ಶಾಪ್ ಹಾಗೇ ಬಿಡುತ್ತದೆ. ದುಡ್ಡಿಗೆ ನೇರ ಪೆಟ್ಟು ಕೊಡುವ ಮೂರನ್ನು ಮಾತ್ರ ಹಿಡಿಯುತ್ತದೆ: ಪಾವತಿ, ವಿಳಂಬದ ಕಡಿತ, ಕರಾರಿನ ರದ್ದತಿ.

ಮೇಲ್‌ನ ಮೊದಲ ಸಾಲಿನಲ್ಲೇ ಸಹಿ ಹಾಕಲು ಸಿದ್ಧ ಎಂಬ ಮಾತಿರಲಿ: ‘ಕರಡನ್ನು ಪೂರ್ತಿ ಓದಿದ್ದೇವೆ. ಮೂರು ಷರತ್ತುಗಳಲ್ಲಿ ಬದಲಾವಣೆ ಕೋರುತ್ತೇವೆ, ಉಳಿದದ್ದಕ್ಕೆ ನಮ್ಮ ತಕರಾರಿಲ್ಲ.’ ಕೆಲಸ ಎಷ್ಟು ಎಂಬುದು ಓದುವವರಿಗೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪ್ರತಿ ಷರತ್ತಿಗೂ ಮೂರು ಭಾಗ: ಈಗಿರುವ ಮಾತು, ಬದಲಿ ಮಾತು, ಕಾರಣ. ‘ಪಾವತಿ ಅವಧಿ ಕಡಿಮೆ ಮಾಡಿ’ ಎಂದರೆ ಸಾಲದು. ಹಾಗೇ ಎತ್ತಿ ಕರಾರಿನಲ್ಲಿ ಕೂರಿಸಬಹುದಾದ ಪೂರ್ತಿ ವಾಕ್ಯವನ್ನು ಬರೆದುಕೊಡಬೇಕು. ಪಾವತಿಯ ಷರತ್ತು ಮೇಲ್‌ನಲ್ಲಿ ಹೀಗೆ ಕಾಣಬಹುದು:

ಈಗಿರುವುದು: ಬಿಲ್ ಮಂಜೂರಾದ ದಿನದಿಂದ 90 ದಿನಗಳಲ್ಲಿ ಪಾವತಿ.

ನಮ್ಮ ಸಲಹೆ: ಸರಕು ಸ್ವೀಕರಿಸಿದ ದಿನದಿಂದ 45 ದಿನಗಳಲ್ಲಿ ಪಾವತಿ.

ಕಾರಣ: ನಮ್ಮದು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ.

ಈ ಕಾರಣದಲ್ಲಿ ದೂರಿಲ್ಲ, ಬೇಡಿಕೆಯೂ ಇಲ್ಲ. ಕಂಪನಿಯ ಲೆಕ್ಕಪತ್ರ ವಿಭಾಗದವರು ಇದರ ಹಿಂದಿರುವುದನ್ನೂ ಬಲ್ಲರು. ಗಡುವು ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಟ್ಟ ವರ್ಷವೇ ಅದನ್ನು ಖರ್ಚೆಂದು ತೆರಿಗೆ ಲೆಕ್ಕದಲ್ಲಿ ತೋರಿಸಬೇಕು ಎಂಬ ನಿಯಮ 2023ರ ಹಣಕಾಸು ಕಾಯ್ದೆಯಿಂದ ಬಂದಿದೆ. ಅಂದರೆ 45 ದಿನಕ್ಕೆ ಒಪ್ಪುವುದು ಕಂಪನಿಗೂ ಲಾಭ. ಆದರೆ ಈ ರಕ್ಷಣೆ ಬೇಕೆಂದರೆ ಉದ್ಯಮ್ ನೋಂದಣಿ ಕರಾರಿಗೆ ಮುಂಚೆಯೇ ಆಗಿರುವುದು ಕ್ಷೇಮ. ಆಮೇಲೆ ಮಾಡಿಸಿಕೊಂಡ ನೋಂದಣಿ ಹಿಂದಿನ ವ್ಯವಹಾರಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಎರಡನೆಯ ಷರತ್ತಿನಲ್ಲಿ ಕಾನೂನಿಗಿಂತ ಲೆಕ್ಕವೇ ಚೆನ್ನಾಗಿ ಮಾತಾಡುತ್ತದೆ. 10 ಲಕ್ಷದ ಆರ್ಡರ್‌ನಲ್ಲಿ 1 ಲಕ್ಷದ ಮಾಲು ಮಾತ್ರ ತಡವಾಯಿತು ಎನ್ನೋಣ. ಕರಡಿನ ಪ್ರಕಾರ ವಾರಕ್ಕೆ 20,000 ರೂಪಾಯಿ ಕಡಿತ. ಐದು ವಾರಕ್ಕೆ ತಡವಾದ ಮಾಲಿನ ಬೆಲೆಯೆಲ್ಲ ಹೋಯಿತು, ಅಷ್ಟಕ್ಕೂ ನಿಲ್ಲುವುದಿಲ್ಲ. ವರ್ಕ್‌ಶಾಪ್ ಕೇಳುವುದು ತಡವಾದ ಮಾಲಿನ ಬೆಲೆಯ ಮೇಲೆ ಮಾತ್ರ ವಾರಕ್ಕೆ ಶೇ 1ರಷ್ಟು ಕಡಿತ, ಗರಿಷ್ಠ ಶೇ 10. ಜೊತೆಗೆ, ಡ್ರಾಯಿಂಗ್ ಅಥವಾ ಕಚ್ಚಾ ಸಾಮಗ್ರಿ ಕಂಪನಿಯಿಂದಲೇ ತಡವಾಗಿ ಬಂದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಕಾರಣದ ಜಾಗದಲ್ಲಿ ಈ ಲೆಕ್ಕವನ್ನೇ ಬರೆದರೆ ಸಾಕು.

ಕಂಪನಿ ‘ಶೇ 2ಕ್ಕಿಂತ ಕೆಳಗಿಳಿಯಲಾರೆವು, ಉಳಿದದ್ದು ಒಪ್ಪಿಗೆ’ ಎಂದು ಉತ್ತರಿಸಿದರೆ? ಬಿಟ್ಟುಕೊಡಬಹುದು. ವಾರದ ಕಡಿತ 1,000ದಿಂದ 2,000ಕ್ಕೆ ಏರುತ್ತದೆ, ಆದರೆ ಮಿತಿ 10,000ದಲ್ಲೇ ನಿಲ್ಲುತ್ತದೆ. ಇಂಥ ಷರತ್ತಿನಲ್ಲಿ ಕಾಪಾಡುವುದು ದರವಲ್ಲ, ಮಿತಿ. ಎಲ್ಲಿ ಸಡಿಲಿಸಬಹುದು ಎಂಬುದನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಬೇಕು, ಮೊದಲ ಮೇಲ್‌ನಲ್ಲೇ ಬರೆಯಬಾರದು.

ಮೂರನೆಯದಕ್ಕೆ ಕಾರಣ ಶಾಪ್ ಫ್ಲೋರ್‌ನಲ್ಲೇ ಇದೆ. ಆ ಕಂಪನಿಯ ಡ್ರಾಯಿಂಗ್‌ಗೆ ತಕ್ಕಂತೆ ಒಮ್ಮೆ ಕತ್ತರಿಸಿದ ಲೋಹವನ್ನು ಬೇರೆ ಗಿರಾಕಿಗೆ ಮಾರಲಾಗದು, ಅದು ಗುಜರಿಗೇ ಹೋಗುತ್ತದೆ. ಆದ್ದರಿಂದ ರದ್ದತಿಗೆ ಎರಡೂ ಕಡೆಗೆ 30 ದಿನದ ನೋಟಿಸ್ ಇರಲಿ, ಸಿದ್ಧವಾದ ಮತ್ತು ಅರ್ಧ ತಯಾರಾದ ಮಾಲಿಗೆ ಹಣ ಕೊಡಲಿ ಎಂಬುದು ಸಲಹೆ. ಕರಾರು ಮುರಿಯುವ ಕಂಪನಿಯ ಹಕ್ಕಿಗೆ ಇದರಿಂದ ಧಕ್ಕೆ ಇಲ್ಲ ಎಂದೂ ಸೇರಿಸಬೇಕು. ಕಾನೂನು ವಿಭಾಗದವರು ಮೊದಲು ಹುಡುಕುವುದೇ ಆ ಮಾತನ್ನು.

ಮೇಲ್ ಜೊತೆ ವರ್ಡ್ ಕಡತ ಇರಬೇಕು, ಅದರಲ್ಲಿ Track Changes ಚಾಲೂ ಆಗಿರಬೇಕು. ಹೇಳದೆ ಒಂದು ಪದ ಬದಲಿಸಿದ್ದು ಪತ್ತೆಯಾದರೂ ಉಳಿದ ತಿದ್ದುಪಡಿಗಳ ಮೇಲಿನ ನಂಬಿಕೆ ಹೋಗುತ್ತದೆ. ‘ಇದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್, ಮುಟ್ಟುವಂತಿಲ್ಲ’ ಎಂಬ ಉತ್ತರ ಬಂದರೆ, ಮೂಲ ಕರಾರನ್ನು ಹಾಗೇ ಇಟ್ಟು ಈ ಮೂರು ಮಾತುಗಳನ್ನು ಪ್ರತ್ಯೇಕ ಅನುಬಂಧವಾಗಿ ಬರೆದು ಎರಡೂ ಕಡೆಯವರು ಸಹಿ ಹಾಕಬಹುದು. ಪರ್ಚೇಸ್ ಆರ್ಡರ್‌ನ ಹಿಂಬದಿಯ ಸಣ್ಣ ಅಕ್ಷರಗಳಲ್ಲೂ ಷರತ್ತುಗಳಿರುತ್ತವೆ. ಅವು ಒಪ್ಪಿಕೊಂಡದ್ದನ್ನು ಅಳಿಸಿಹಾಕದಂತೆ, ‘ಭಿನ್ನತೆ ಬಂದರೆ ಈ ಅನುಬಂಧವೇ ಅಂತಿಮ’ ಎಂಬ ಸಾಲು ಇರಬೇಕು.

ಮಾತುಕತೆ ಮುಗಿಯುವ ಮುನ್ನ ‘ಓಕೆ, ಒಪ್ಪಿಗೆ’ ಎಂದು ಬರೆಯುವುದು ಅಪಾಯ. ಬಾಕ್ಸೈಟ್ ಪೂರೈಕೆಯ ಟ್ರೈಮೆಕ್ಸ್–ವೇದಾಂತ ಮೊಕದ್ದಮೆಯಲ್ಲಿ, ಔಪಚಾರಿಕ ಕರಾರಿಗೆ ಸಹಿ ಬೀಳದಿದ್ದರೂ ಮೇಲ್‌ಗಳ ಮೂಲಕವೇ ಒಪ್ಪಂದ ಏರ್ಪಟ್ಟಿತ್ತು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತು. ಸಹಿಗೆ ಮೊದಲೇ ಮಾಲು ಕಳಿಸಿದರೂ ಮೂಲ ಷರತ್ತುಗಳನ್ನು ಒಪ್ಪಿದಂತೆ ಎಂಬ ವಾದಕ್ಕೆ ದಾರಿಯಾಗುತ್ತದೆ. ‘ಎರಡೂ ಕಡೆ ಸಹಿಯಾಗುವವರೆಗೆ ಇದು ಮಾತುಕತೆ ಮಾತ್ರ’ ಎಂಬ ಸಾಲನ್ನು ಪ್ರತಿ ಮೇಲ್‌ನ ಕೊನೆಗೂ ಸೇರಿಸುವುದು ಒಳ್ಳೆಯದು.

ಸಹಿಗೆಂದು ಕೊನೆಗೆ ಬರುವ ಪ್ರತಿಯಲ್ಲಿ ಹಳೆಯ 90 ದಿನವೇ ಉಳಿದುಕೊಂಡಿರುವುದೂ ಉಂಟು. ಹೆಚ್ಚಿನ ಸಲ ಅದು ಮೋಸವಲ್ಲ, ಯಾರೋ ತಪ್ಪು ಕಡತ ತೆರೆದಿರುತ್ತಾರೆ. ವರ್ಡ್‌ನ Review ಮೆನುವಿನಲ್ಲಿರುವ Compare ಒತ್ತಿ, ಒಪ್ಪಿಕೊಂಡ ಪ್ರತಿಯೊಂದಿಗೆ ಹೋಲಿಸಿ ನೋಡಿ. ಮೊತ್ತ ದೊಡ್ಡದಿದ್ದರೆ ವಕೀಲರೊಬ್ಬರಿಗೂ ತೋರಿಸಿ, ಆಮೇಲೆ ಸಹಿ ಹಾಕಿ.