ಇಲ್ಲದವಳಿಗಾಗಿ ಅತ್ತವನು

2012ರ ಡಿಸೆಂಬರ್ 6ರಂದು ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರ ಮ್ಯಾಂಟೈ ಟೇಯೊನ ಮೊಬೈಲಿಗೆ ಒಂದು ಕರೆ ಬಂತು. ನಂಬರು ಗೊತ್ತಿದ್ದದ್ದೇ, ದನಿಯೂ ಗೊತ್ತಿದ್ದದ್ದೇ. ಆದರೆ ಆ ನಂಬರಿನ ಹುಡುಗಿ ತೀರಿಕೊಂಡು ಆಗಲೇ ಸುಮಾರು ಮೂರು ತಿಂಗಳಾಗಿತ್ತು. ಅವಳಿಗಾಗಿ ಅವನು ಅತ್ತಿದ್ದ, ಅವಳ ಅಂತ್ಯಕ್ರಿಯೆ ಎಂದು ಹೇಳಲಾಗಿದ್ದ ದಿನ ಅವಳ ನೆನಪಿನಲ್ಲೇ ಮೈದಾನಕ್ಕಿಳಿದಿದ್ದ. ಈಗ ಅದೇ ದನಿ, ತಾನು ಸತ್ತಿಲ್ಲ ಎನ್ನುತ್ತಿತ್ತು.

ಎರಡು ದಿನಗಳ ನಂತರ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿಯ ಸಮಾರಂಭವಿತ್ತು. ಟೇಯೊ ಅಂತಿಮ ಸುತ್ತಿನಲ್ಲಿದ್ದ. ಪತ್ರಕರ್ತರ ಮುಂದೆ ಆತ, ಕ್ಯಾನ್ಸರ್ ತನ್ನಿಂದ ಗೆಳತಿಯನ್ನು ಕಿತ್ತುಕೊಂಡಿತು ಎಂಬರ್ಥದ ಮಾತನ್ನೇ ಮತ್ತೆ ಆಡಿದ. ಏನೋ ಎಡವಟ್ಟಾಗಿದೆ ಎಂದು ಆ ಹೊತ್ತಿಗೆ ಅವನಿಗೆ ಗೊತ್ತಿತ್ತು. ಆದರೂ ಯಾಕೆ ಹಾಗೆ ಹೇಳಿದ? ಅಂತರ್ಜಾಲದಲ್ಲಿ ಸಿಕ್ಕ ಪ್ರೇಮಿ ಹೇಳಿಕೊಂಡಂಥ ವ್ಯಕ್ತಿಯಲ್ಲ ಎಂದು ತಿಳಿದ ಗಳಿಗೆಯಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಈ ಪ್ರಶ್ನೆಯೇ ಒಳ್ಳೆಯ ಬಾಗಿಲು.

ಟೇಯೊ ಹವಾಯಿ ದ್ವೀಪದ ಹುಡುಗ. ಸಮೋವನ್ ಮೂಲದ, ದೇವರು-ದಿಂಡರು ಎಂದು ನಂಬಿ ನಡೆಯುವ ಮಾರ್ಮನ್ ಪಂಥದ ಮನೆ. ಇಂಡಿಯಾನಾ ರಾಜ್ಯದ ನೋತ್ರ್ ಡೇಮ್ ವಿಶ್ವವಿದ್ಯಾಲಯದ ತಂಡದಲ್ಲಿ ರಕ್ಷಣಾ ಸಾಲಿನ ಹುಲಿ. ಲೆನೇ ಕೆಕುವಾ ಎಂಬ ಹೆಸರಿನ ಹುಡುಗಿ ಅವನಿಗೆ ಪರಿಚಯವಾದದ್ದು ಫೇಸ್‌ಬುಕ್ಕಿನಲ್ಲಿ. ಅವಳೂ ಪಾಲಿನೇಷ್ಯನ್ ಮೂಲದವಳು, ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿನಿ, ಅವನಂತೆಯೇ ದೈವಭಕ್ತೆ ಎಂದು ಹೇಳಿಕೊಂಡಿದ್ದಳು. ಅವಳ ಅಣ್ಣ, ಬಂಧುಗಳು ಎಂದು ಹೇಳಿಕೊಳ್ಳುವವರೂ ಸಂಪರ್ಕದಲ್ಲಿದ್ದರು. ಒಬ್ಬಳೇ ಹುಡುಗಿಯಾಗಿದ್ದರೆ ಅನುಮಾನ ಬರುತ್ತಿತ್ತೇನೋ. ಅವಳ ಸುತ್ತ ಒಂದು ಕುಟುಂಬವೇ ಇತ್ತು.

2012ರ ಏಪ್ರಿಲ್ ಕೊನೆಯಲ್ಲಿ ಅವಳಿಗೆ ಕಾರು ಅಪಘಾತವಾಯಿತು ಎಂಬ ಸುದ್ದಿ ಬಂತು. ನಂತರ ಕೋಮಾ, ಅದಾದ ಮೇಲೆ ರಕ್ತದ ಕ್ಯಾನ್ಸರ್. ಟೇಯೊ ರಾತ್ರಿಯಿಡೀ ಫೋನ್ ಕಿವಿಗಿಟ್ಟುಕೊಂಡು, ಆಚೆ ಬದಿಯ ಉಸಿರಾಟ ಕೇಳುತ್ತ ನಿದ್ದೆಹೋಗುತ್ತಿದ್ದ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವನ ಫೋನ್ ದಾಖಲೆಗಳಲ್ಲಿ ಆ ಒಂದೇ ನಂಬರಿನೊಂದಿಗೆ ಸಾವಿರಕ್ಕೂ ಹೆಚ್ಚು ಕರೆಗಳಿದ್ದವು. ಮಾತಾಡಿದ ಒಟ್ಟು ಸಮಯ 500 ಗಂಟೆ ಮೀರಿತ್ತು. ಇದನ್ನು ಓದಿ ನಗುವವರು ಒಂದು ಲೆಕ್ಕ ಹಾಕಿ ನೋಡಬೇಕು: ಒಂದೇ ಸೂರಿನಡಿ ಇರುವ ಎಷ್ಟು ದಂಪತಿಗಳು ನಾಲ್ಕು ತಿಂಗಳಲ್ಲಿ ಅಷ್ಟು ಹೊತ್ತು ಮಾತಾಡುತ್ತಾರೆ?

ಸೆಪ್ಟೆಂಬರ್ 11ರಂದು ಟೇಯೊನ ಅಜ್ಜಿ ತೀರಿಕೊಂಡರು. ಅದು ನಿಜವಾದ ಸಾವು. ಅದರ ಬೆನ್ನಿಗೇ ಲೆನೇಯೂ ಹೋದಳೆಂಬ ಸುದ್ದಿ ಬಂತು. ಆ ಶನಿವಾರ ಮಿಶಿಗನ್ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ಅವನು ಅಬ್ಬರಿಸಿ ಆಡಿದ, ತಂಡ 20–3ರಿಂದ ಗೆದ್ದಿತು. ಮುಂದಿನ ವಾರ ತವರಿನ ಪಂದ್ಯಕ್ಕೆ ಸಾವಿರಾರು ಅಭಿಮಾನಿಗಳು ಕೊರಳಿಗೆ ಹವಾಯಿಯ ಹೂಮಾಲೆ ಹಾಕಿಕೊಂಡು ಬಂದರು. ಎರಡು ಸಾವುಗಳ ಭಾರ ಹೊತ್ತು ಆಡಿದ ವೀರನ ಕಥೆ ದೇಶದ ಪತ್ರಿಕೆ, ಟಿವಿಗಳಲ್ಲೆಲ್ಲ ಬಂತು. ಹುಡುಗಿಯ ಸಾವಿಗೆ ದಾಖಲೆ ಇದೆಯೇ ಎಂಬುದನ್ನು ಮಾತ್ರ ಆ ವರದಿಗಳು ಖಚಿತಪಡಿಸಿಕೊಳ್ಳಲಿಲ್ಲ. ಕಥೆ ಚೆನ್ನಾಗಿತ್ತಲ್ಲ!

ಅದನ್ನು ಹುಡುಕಿದ್ದು ಡೆಡ್‌ಸ್ಪಿನ್ ಎಂಬ ಕ್ರೀಡಾ ಜಾಲತಾಣದ ಇಬ್ಬರು, ಟಿಮೊತಿ ಬರ್ಕ್ ಮತ್ತು ಜ್ಯಾಕ್ ಡಿಕಿ. ಅವರು ಮಾಡಿದ ಕೆಲಸ ಸರಳ. ಸ್ಟ್ಯಾನ್‌ಫರ್ಡ್‌ನಲ್ಲಿ ಆ ಹೆಸರಿನ ವಿದ್ಯಾರ್ಥಿನಿ ಇದ್ದಳೇ ಎಂದು ಕೇಳಿದರು, ಇರಲಿಲ್ಲ. ಸರ್ಕಾರಿ ಮರಣ ದಾಖಲೆ ನೋಡಿದರು, ಹೆಸರಿಲ್ಲ. ನಿಧನವಾರ್ತೆ ಹುಡುಕಿದರು, ಎಲ್ಲೂ ಇಲ್ಲ. ಕೊನೆಗೆ ಫೋಟೊದಲ್ಲಿದ್ದ ಯುವತಿಯನ್ನು ಪತ್ತೆಹಚ್ಚಿದರು. ಆಕೆ ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯವಾಗಿದ್ದಳು, ಟೇಯೊನನ್ನು ಒಮ್ಮೆಯೂ ಭೇಟಿಯಾದವಳಲ್ಲ. ಅವಳ ಚಿತ್ರಗಳನ್ನು ಬಳಸಿಕೊಂಡಿದ್ದು ಅವಳ ಹೈಸ್ಕೂಲಿನ ಸಹಪಾಠಿ ರೊನಾಯಾ ಟುಯಿಯಾಸೊಸೊಪೊ. ಲೆನೇಯ ದನಿಯೂ ಅವರದ್ದೇ. 2013ರ ಜನವರಿ 16ರಂದು ವರದಿ ಪ್ರಕಟವಾಯಿತು. ಈ ಪ್ರಕರಣದಲ್ಲಿ ಟೇಯೊನಿಂದ ಹಣ ದೋಚಿದ್ದಿಲ್ಲ, ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಟುಯಿಯಾಸೊಸೊಪೊ ಈಗ ನಾಯಾ ಎಂಬ ಹೆಸರಿನಲ್ಲಿ ಟ್ರಾನ್ಸ್ ಮಹಿಳೆಯಾಗಿ ಬದುಕುತ್ತಿದ್ದಾರೆ. ಹೆಣ್ಣಾಗಿ ಪ್ರೀತಿಸಲ್ಪಡಬೇಕೆಂಬ ಆಸೆಯಿಂದ ಈ ಸುಳ್ಳು ಬೆಳೆಯಿತೆಂದು 2022ರ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರದಲ್ಲಿ ಅವರು ಹೇಳಿಕೊಂಡರು. ಕಾರಣ ಅರ್ಥವಾಗುತ್ತದೆ, ಹಾಗೆಂದು ಎದುರಿನವನಿಗೆ ಆದ ಗಾಯ ಕಡಿಮೆಯಾಗುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಟೇಯೊನ ತಂದೆ 2012ರ ಅಕ್ಟೋಬರಿನಲ್ಲಿ ಒಂದು ಪತ್ರಿಕೆಗೆ, ಮಗ ಮತ್ತು ಆ ಹುಡುಗಿ ಪಂದ್ಯವೊಂದರ ನಂತರ ಭೇಟಿಯಾಗಿದ್ದರು, ಅವಳು ಹವಾಯಿಗೂ ಬಂದಿದ್ದಳು ಎಂದು ಹೇಳಿದ್ದರು. ತಂದೆ ಕಟ್ಟಿದ ಕಥೆಯಲ್ಲ ಅದು, ಮಗನೇ ಹಾಗೆ ಹೇಳಿದ್ದ. ಒಮ್ಮೆಯೂ ಮುಖ ನೋಡದ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ ಎಂದರೆ ಜನ ಹುಚ್ಚ ಎಂದಾರು ಎಂಬ ಭಯಕ್ಕೆ, ಭೇಟಿಯಾದಂತೆ ತೋರುವ ಹಾಗೆ ಮಾತು ಹೊಂದಿಸುತ್ತಿದ್ದೆ ಎಂದು ಟೇಯೊ ಆಮೇಲೆ ಇಎಸ್‌ಪಿಎನ್ ಸಂದರ್ಶನದಲ್ಲಿ ಒಪ್ಪಿಕೊಂಡ.

ಇಲ್ಲಿ ಗಮನಿಸಬೇಕಾದದ್ದು, ಅವನಿಗೆ ನಾಚಿಕೆ ಹುಟ್ಟಿದ್ದು ಮೋಸ ಬಯಲಾದ ಮೇಲಲ್ಲ. ಅದು ಸಂಬಂಧದ ಶುರುವಿನಿಂದಲೂ ಇತ್ತು. ಆ ನಾಚಿಕೆಯೇ ಅವನಿಂದ ಒಂದು ಸಣ್ಣ ಸುಳ್ಳು ಹೇಳಿಸಿತು, ಆ ಸುಳ್ಳು ಅವನಿಗಿದ್ದ ರಕ್ಷಣೆಯನ್ನೇ ಕಿತ್ತುಹಾಕಿತು. ಮಗ ಇನ್ನೂ ಅವಳ ಮುಖ ನೋಡಿಲ್ಲ ಎಂದು ತಂದೆಗೆ ಗೊತ್ತಿದ್ದರೆ, ವಿಡಿಯೊ ಕರೆಯಲ್ಲಿ ಪ್ರತಿ ಸಲ ಪರದೆ ಕಪ್ಪಾಗಿಯೇ ಇರುತ್ತದೆ ಎಂದು ತಿಳಿದಿದ್ದರೆ, ‘ಇದೇನಪ್ಪಾ, ಒಂದು ಸಲ ಹೋಗಿ ನೋಡಿಕೊಂಡು ಬಾ’ ಎನ್ನುತ್ತಿದ್ದರು. ಹಾಗೆ ಹೇಳಬಲ್ಲವರನ್ನು ಅವನೇ ಕೈಯಾರೆ ದೂರವಿಟ್ಟಿದ್ದ. ಡಿಸೆಂಬರಿನಲ್ಲಿ ಫೋನು ಬಂದಾಗ ಅವನ ಮುಂದೆ ಎರಡು ಕೆಲಸಗಳಿದ್ದವು: ತಾನು ಮೋಸಹೋದೆ ಎನ್ನಬೇಕು, ತಾನೂ ಸುಳ್ಳು ಹೇಳಿದೆ ಎನ್ನಬೇಕು. ಮೊದಲನೆಯದಕ್ಕಿಂತ ಎರಡನೆಯದು ಕಷ್ಟ. ಮನೆಯವರಿಗೆ ಹೇಳಿ, ವಿಶ್ವವಿದ್ಯಾಲಯಕ್ಕೆ ತಿಳಿಸುವ ಹೊತ್ತಿಗೆ ಡಿಸೆಂಬರ್ 26 ಆಗಿತ್ತು.

ಆ ವಿಳಂಬವೇ ಅವನಿಗೆ ಮುಳುವಾಯಿತು. ವರದಿ ಬಂದ ಕೂಡಲೇ ಜನ ಕೇಳಿದ್ದು ‘ಯಾರು ಮೋಸ ಮಾಡಿದರು’ ಎಂದಲ್ಲ, ‘ಇವನೂ ಅದರಲ್ಲಿ ಪಾಲುದಾರನೇ?’ ಎಂದು. ಖಾಲಿ ಜಾಗದಲ್ಲಿ ತೋಳು ಚಾಚಿ, ಅಲ್ಲಿ ಯಾರೋ ಇದ್ದಾರೆಂಬಂತೆ ಫೋಟೊ ತೆಗೆಸಿಕೊಂಡು ಜಾಲತಾಣಗಳಲ್ಲಿ ಹಾಕುವುದು ಕೆಲಕಾಲ ಒಂದು ಆಟವೇ ಆಗಿಬಿಟ್ಟಿತು. ಆ ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ ಮೊದಲ ಸುತ್ತಿನಲ್ಲಿ ಹೋಗಬಹುದೆಂದಿದ್ದ ಟೇಯೊನನ್ನು ಎರಡನೇ ಸುತ್ತಿನಲ್ಲಿ, 38ನೆಯವನಾಗಿ ಸ್ಯಾನ್ ಡಿಯೆಗೊ ಚಾರ್ಜರ್ಸ್ ತಂಡ ತೆಗೆದುಕೊಂಡಿತು. ಫೈನಲ್‌ನಲ್ಲಿ ಅವನ ಆಟ ಕಳಪೆಯಾಗಿದ್ದದ್ದೂ ಇದಕ್ಕೆ ಕಾರಣವಿರಬಹುದು. ಆದರೆ ಮೈದಾನದಲ್ಲಿ ಮೈ ಮರಗಟ್ಟಿದಂತಾಗುತ್ತಿತ್ತು, ಯೋಚಿಸದೆ ಆಡುತ್ತಿದ್ದವನು ತನ್ನ ಪ್ರತಿ ನಿರ್ಧಾರವನ್ನೂ ಅನುಮಾನಿಸತೊಡಗಿದ್ದೆ ಎಂದು ಆತ ಸಾಕ್ಷ್ಯಚಿತ್ರದಲ್ಲಿ ನೆನೆದಿದ್ದಾನೆ. ಹೊರಬರಲು ಮನೋಚಿಕಿತ್ಸಕರ ನೆರವು ಬೇಕಾಯಿತು. ತಾನೇ ಆರಿಸಿದ್ದು ತಪ್ಪಾಯಿತೆಂಬ ಅರಿವು ಒಂದು ಸಂಬಂಧಕ್ಕೆ ನಿಲ್ಲದೆ ಉಳಿದೆಲ್ಲ ತೀರ್ಮಾನಗಳಿಗೂ ಹಬ್ಬುವುದು ಹೀಗೆ.

ಅವನ ಇನ್ನೊಂದು ಮಾತು ಮುಖ್ಯ. ಹುಡುಗಿ ಇರಲಿಲ್ಲ, ಆದರೆ ತನ್ನ ದುಃಖ ನಿಜವಾಗಿತ್ತು ಎಂದು ಟಿವಿ ಸಂದರ್ಶನದಲ್ಲಿ ಆತ ಹೇಳಿದ. ಬಹಳ ಜನರಿಗೆ ಇದು ಅರ್ಥವಾಗಲಿಲ್ಲ. ಇಂಥ ವಂಚನೆಗೊಳಗಾದವರನ್ನು ಮಾತಾಡಿಸಿ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಮೋನಿಕಾ ವಿಟ್ಟಿ ಮತ್ತು ಟಾಮ್ ಬ್ಯುಕ್ಯಾನನ್ ಅವರಿಗೆ ಕಂಡದ್ದೂ ಇದೇ: ಹಣ ಕಳೆದುಕೊಂಡವರಲ್ಲೂ ಹಲವರಿಗೆ ಹಣಕ್ಕಿಂತ ಸಂಬಂಧ ಹೋದದ್ದೇ ದೊಡ್ಡ ಪೆಟ್ಟು, ಆಪ್ತರೊಬ್ಬರ ಸಾವಿನಂತೆ. ಸತ್ತವರ ಮನೆಗೆ ಮಾತಾಡಿಸಲು ಜನ ಬರುತ್ತಾರೆ, ಹನ್ನೊಂದನೇ ದಿನ, ಹದಿಮೂರನೇ ದಿನ ಎಂಬ ಕ್ರಮಗಳಿವೆ. ಇಲ್ಲದವರ ಸಾವಿಗೆ ಯಾರು ಬರುತ್ತಾರೆ? ಬಂದವರೂ ‘ಅಷ್ಟೂ ಗೊತ್ತಾಗಲಿಲ್ವಾ ನಿಂಗೆ?’ ಎಂದೇ ಮಾತು ಶುರುಮಾಡುತ್ತಾರೆ. ನಮ್ಮಲ್ಲಿ ಮ್ಯಾಟ್ರಿಮೊನಿ ತಾಣದ ವರನೋ ಇನ್‌ಸ್ಟಾಗ್ರಾಂ ಗೆಳೆಯನೋ ಬೇರೆ ಯಾರೋ ಎಂದು ತಿಳಿದಾಗ ಈ ಪ್ರಶ್ನೆಗೆ ಹೆದರಿಯೇ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಗಂಡಸರು ಬಿಡುವುದು ಇನ್ನೂ ಕಡಿಮೆ.

ನಾಚಿಕೆ ಮಾಡಿಸುವ ಇನ್ನೊಂದು ಕೆಲಸ, ಎಲ್ಲ ಅಳಿಸಿಬಿಡುವುದು. ಚಾಟ್, ಫೋಟೊ, ನಂಬರು, ಖಾತೆ, ಎಲ್ಲವೂ ಒಂದು ರಾತ್ರಿಯಲ್ಲಿ ಮಾಯ. ಮನಸ್ಸು ಹಗುರಾಗಬಹುದು, ಆದರೆ ದೂರಿಗೆ ಬೇಕಾದ ಸಾಕ್ಷ್ಯವೂ ಹೋಗುತ್ತದೆ. ಹಣ ಹೋಗಿಲ್ಲದಿದ್ದರೆ ಪೊಲೀಸರ ಬಳಿ ಹೋಗುವಂತಿಲ್ಲ ಎಂಬುದು ತಪ್ಪು ತಿಳಿವಳಿಕೆ. ನಮ್ಮ ಕಾನೂನು ವಂಚನೆಯನ್ನು ವಿವರಿಸುವಾಗ ಆಸ್ತಿಗಾದ ಹಾನಿಯ ಜೊತೆಗೆ ದೇಹಕ್ಕೆ, ಮನಸ್ಸಿಗೆ, ಮಾನಕ್ಕೆ ಆದ ಹಾನಿಯನ್ನೂ ಹೆಸರಿಸುತ್ತದೆ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಪ್ರತಿ ಪ್ರಕರಣವೂ ಅದರಡಿ ನಿಲ್ಲುತ್ತದೆಂದಲ್ಲ, ಅದನ್ನು ತೀರ್ಮಾನಿಸಲೂ ದಾಖಲೆ ಬೇಕು.

ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಪ್ರೊಫೈಲಿನ ವಿಳಾಸ ಬರೆದಿಟ್ಟುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವಾದರೆ cybercrime.gov.in ತಾಣದಲ್ಲಿ ದೂರು ಕೊಡಿ. ಮನಸ್ಸಿನ ನೋವಿಗೆ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನು ನಿಮ್ಮ ಮನೆಯಲ್ಲಿ ಯಾರಾದರೂ ಬಂದು ಇಂಥದ್ದನ್ನು ಹೇಳಿಕೊಂಡರೆ, ‘ಹೇಗೆ ನಂಬಿದೆ’ ಎಂಬ ಪ್ರಶ್ನೆಯನ್ನು ಅವತ್ತಿನ ಮಟ್ಟಿಗಾದರೂ ಕೇಳಬೇಡಿ.