ಬೆಲೆ ಏರುವಾಗ ಮೊದಲು ಏನು ಮಾಡಬೇಕು?

ಅರ್ಥಶಾಸ್ತ್ರದ ಪರೀಕ್ಷೆಗೆ ಬರುವಂಥ ಒಂದು ಕಲ್ಪಿತ ದೇಶ. ಹಣದುಬ್ಬರ ಶೇ 40, ಬ್ಯಾಂಕ್ ಬಡ್ಡಿ ಶೇ 15. ಅಲ್ಲಿ ನೂರು ರೂಪಾಯಿ ಠೇವಣಿ ಇಟ್ಟವನಿಗೆ ವರ್ಷದ ಕೊನೆಗೆ 115 ಸಿಗುತ್ತದೆ. ಆದರೆ ನೂರಕ್ಕೆ ಸಿಗುತ್ತಿದ್ದ ದಿನಸಿಗೆ ಆಗ 140 ಕೊಡಬೇಕು. ಕೈಯಲ್ಲಿ ದುಡ್ಡಿದ್ದವರು ಡಾಲರ್ ಕೊಳ್ಳದೆ ಇನ್ನೇನು ಮಾಡಿಯಾರು? ಎಲ್ಲರೂ ಹಾಗೆ ಮಾಡಿದರೆ ಕರೆನ್ಸಿ ಇನ್ನಷ್ಟು ಕುಸಿಯುತ್ತದೆ, ಆಮದಾಗುವ ಇಂಧನ ತುಟ್ಟಿಯಾಗಿ ಬೆಲೆ ಮತ್ತೆ ಏರುತ್ತದೆ.

ಹಾಗಾಗಿ ಮೊದಲ ಸಲಹೆ, ಬಡ್ಡಿ ಏರಿಸುವುದು. ಟರ್ಕಿ 2021ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಬಡ್ಡಿಯನ್ನು ಶೇ 19ರಿಂದ 14ಕ್ಕೆ ಇಳಿಸಿತು. ಲೀರಾ ನೆಲಕಚ್ಚಿತು, 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 85 ದಾಟಿತು.

ಬಡ್ಡಿಯೊಂದೇ ಸಾಲದು. ಸರ್ಕಾರದ ಕೊರತೆ ತುಂಬಲು ಕೇಂದ್ರ ಬ್ಯಾಂಕ್ ನೋಟು ಮುದ್ರಿಸುತ್ತಲೇ ಇದ್ದರೆ ಬಡ್ಡಿ ಏರಿಸಿಯೂ ಫಲವಿಲ್ಲ. ಸಾಲದ ಹೊರೆ ಮಾತ್ರ ಬೆಳೆಯುತ್ತದೆ. ಆ ಮುದ್ರಣ ನಿಲ್ಲಬೇಕು, ತೆರಿಗೆ ಸಂಗ್ರಹ ಹೆಚ್ಚಬೇಕು. ಕರೆನ್ಸಿಯ ಬೆಲೆಯನ್ನು ಹಟದಿಂದ ಹಿಡಿದಿಡಲು ಡಾಲರ್ ಸಂಗ್ರಹ ಸುರಿಯುವುದೂ ತಪ್ಪು. ಶ್ರೀಲಂಕಾ ಹಾಗೆ ಮಾಡಿ 2022ರಲ್ಲಿ ಪೆಟ್ರೋಲ್ ತರಿಸಲೂ ಡಾಲರ್ ಇಲ್ಲದೆ ಕೂತಿತು. ಆ ಏಪ್ರಿಲ್‌ನಲ್ಲಿ ಅದು ಬಡ್ಡಿಯನ್ನು ಒಮ್ಮೆಲೇ ಶೇಕಡಾ 7 ಅಂಶ ಏರಿಸಿತು, ಆಮೇಲೆ ತೆರಿಗೆಯನ್ನೂ ಏರಿಸಿತು. ಸೆಪ್ಟೆಂಬರ್‌ನಲ್ಲಿ ಶೇ 70ರ ಹತ್ತಿರವಿದ್ದ ಹಣದುಬ್ಬರ ಮರುವರ್ಷದ ಅದೇ ತಿಂಗಳಿಗೆ ಶೇ 2ಕ್ಕಿಂತ ಕೆಳಗಿಳಿಯಿತು.

ಬೆಲೆ ಏರುವ ವೇಗ ತಗ್ಗಿತೇ ಹೊರತು ಏರಿದ ಬೆಲೆ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ಆದ್ದರಿಂದ ಕಲ್ಪಿತ ದೇಶಕ್ಕೆ ಕೊನೆಯ ಸಲಹೆ: ಕಾರಿನವರಿಗೂ ಸಿಗುವ ಇಂಧನ ಸಬ್ಸಿಡಿ ಬಿಟ್ಟು, ಬಡವರ ಖಾತೆಗೇ ನೇರವಾಗಿ ಹಣ ಹಾಕಲಿ.